ಶಿರಸಿಯಲ್ಲಿ ಕೂತು ಒಂದು ವರ್ಷ ಸೆಕ್ಟರ್ ರೊಟೇಶನ್ ಮಾಡಿದ್ದು: ರ‍್ಯಾಂಕ್, ಖರ್ಚು, ಟ್ಯಾಕ್ಸ್

2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ, ಪೂರ್ತಿ ಒಂದು ಹಣಕಾಸು ವರ್ಷ, ಒಂದೂವರೆ ಲಕ್ಷ ರೂಪಾಯಿಯನ್ನು ಮೂರು ಸೆಕ್ಟರ್ ಇಟಿಎಫ್‌ಗಳಲ್ಲಿ, ಅಂದರೆ ಒಂದು ಇಂಡೆಕ್ಸನ್ನು ಹಿಂಬಾಲಿಸುವ, ಷೇರಿನಂತೆಯೇ ಕೊಂಡು ಮಾರುವ ಫಂಡ್‌ಗಳಲ್ಲಿ ಹಾಕಿ ತಿರುಗಿಸಿದೆ. ಪ್ರತಿ ಶನಿವಾರ ರ‍್ಯಾಂಕ್ ಹಾಕುವುದು, ಬೇಕಾದರೆ ಮಾತ್ರ ಸೋಮವಾರ ಬದಲಿಸುವುದು. ದುಡ್ಡು ಅಡಿಕೆಯದ್ದು. ಚಾಲಿ ಮಾರಿ ಬಂದದ್ದರಲ್ಲಿ ತೋಟದ ಖರ್ಚಿಗೆ ಬೇಡವಾದ ಪಾಲು. ಇದೇ ದಾರಿಗೆ ಇಳಿಯುವವರಿಗೆ ನನಗೆ ಎಲ್ಲಿ ತಡವಾಯಿತು, ಎಲ್ಲಿ ದುಡ್ಡು ಸೋರಿತು ಎಂದು ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಐಡಿಯಾ ಸರಳ. ಮಾರುಕಟ್ಟೆಯಲ್ಲಿ ಎಲ್ಲ ಸೆಕ್ಟರ್ ಒಟ್ಟಿಗೆ ಓಡುವುದಿಲ್ಲ. ಕೆಲವು ತಿಂಗಳು ಬ್ಯಾಂಕ್, ಕೆಲವು ತಿಂಗಳು ಐಟಿ, ಆಮೇಲೆ ಫಾರ್ಮಾ. ನಿಫ್ಟಿಗಿಂತ ಚುರುಕಾಗಿ ಓಡುತ್ತಿರುವುದನ್ನು ಹಿಡಿದುಕೊಂಡು, ಸುಸ್ತಾದದ್ದನ್ನು ಬಿಡುವುದು. ಇದಕ್ಕೆ ರಿಲೇಟಿವ್ ಸ್ಟ್ರೆಂತ್ ಅನ್ನುತ್ತಾರೆ. ಚಾರ್ಟಿನ ಕೆಳಗೆ 70, 30 ಅಂತ ಕಾಣುವ ಆರ್‌ಎಸ್‌ಐಗೂ ಇದಕ್ಕೂ ಸಂಬಂಧವಿಲ್ಲ. ಹೆಸರು ಹತ್ತಿರ ಇರುವುದಕ್ಕೆ ತುಂಬಾ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಶುರುವಿಗೇ ಪಟ್ಟಿಯ ತಲೆನೋವು. ಎನ್‌ಎಸ್‌ಇಯಲ್ಲಿ ಸೆಕ್ಟರ್ ಇಂಡೆಕ್ಸ್ ಬೇಕಾದಷ್ಟಿವೆ: ಬ್ಯಾಂಕ್, ಪ್ರೈವೇಟ್ ಬ್ಯಾಂಕ್, ಪಿಎಸ್‌ಯು ಬ್ಯಾಂಕ್, ಫೈನಾನ್ಶಿಯಲ್ ಸರ್ವಿಸಸ್, ಐಟಿ, ಆಟೋ, ಎಫ್‌ಎಂಸಿಜಿ, ಫಾರ್ಮಾ, ಹೆಲ್ತ್‌ಕೇರ್, ಮೆಟಲ್, ರಿಯಾಲ್ಟಿ, ಮೀಡಿಯಾ. ಎಲ್ಲವನ್ನೂ ಸೇರಿಸಿದರೆ ಬ್ಯಾಂಕ್‌ಗಳು ಏರುವಾಗ ಮೊದಲ ಮೂರು ಸ್ಥಾನಕ್ಕೂ ಬ್ಯಾಂಕ್‌ಗಳೇ ಬಂದು ಕೂರುತ್ತವೆ. ಹೆಸರು ಮೂರು, ಒಳಗೆ ಅದದೇ ಷೇರುಗಳು. ಇನ್ನೊಂದು ತೊಂದರೆ, ಇಂಡೆಕ್ಸ್ ಇದೆ ಅಂದ ಮಾತ್ರಕ್ಕೆ ಕೊಳ್ಳಲು ಇಟಿಎಫ್ ಸಿಗಬೇಕೆಂದಿಲ್ಲ. ನಾನು ಶುರು ಮಾಡಿದಾಗ ಮೆಟಲ್ ಜೋರಾಗಿತ್ತು. ಆದರೆ ನನಗೆ ಒಪ್ಪುವಷ್ಟು ವ್ಯವಹಾರ ನಡೆಯುವ ಮೆಟಲ್ ಇಟಿಎಫ್ ಆಗ ಸಿಗಲಿಲ್ಲ. ಕೊಳ್ಳಲಾಗದ್ದಕ್ಕೆ ರ‍್ಯಾಂಕ್ ಕೊಟ್ಟು ಏನು ಮಾಡುವುದು? ತೆಗೆದೆ.

ಕೊನೆಗೆ ಉಳಿದದ್ದು ಎಂಟು: ಬ್ಯಾಂಕ್, ಪಿಎಸ್‌ಯು ಬ್ಯಾಂಕ್, ಐಟಿ, ಫಾರ್ಮಾ, ಆಟೋ, ಎಫ್‌ಎಂಸಿಜಿ, ಇನ್‌ಫ್ರಾ, ಮತ್ತೆ ಸಿಪಿಎಸ್‌ಇ. ಕೊನೆಯದು ಸೆಕ್ಟರ್ ಅಲ್ಲ, ಕೇಂದ್ರ ಸರ್ಕಾರಿ ಕಂಪನಿಗಳ ಗುಂಪು. ಅದರಲ್ಲಿ ವಿದ್ಯುತ್, ತೈಲ, ಕಲ್ಲಿದ್ದಲಿನ ಕಂಪನಿಗಳೇ ಜಾಸ್ತಿ ಇರುವುದರಿಂದ ಎನರ್ಜಿಯ ಬದಲಿಗೆ ಇಟ್ಟುಕೊಂಡೆ.

ಡೇಟಾಕ್ಕೆ niftyindices.com. ಅಲ್ಲಿ ಇಂಡೆಕ್ಸ್‌ಗಳ ಹಳೆಯ ಕ್ಲೋಸಿಂಗ್ ಅಂಕಿ ಫೈಲ್ ಆಗಿ ಇಳಿಸಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಇಟಿಎಫ್ ಬೆಲೆಯ ಮೇಲೆ ರ‍್ಯಾಂಕ್ ಹಾಕಬೇಡಿ. ಇಟಿಎಫ್ ಯೂನಿಟ್ ಸ್ಪ್ಲಿಟ್ ಆದರೆ ಬೆಲೆ ಒಂದೇ ದಿನದಲ್ಲಿ ಹತ್ತನೇ ಒಂದಕ್ಕೆ ಬಿದ್ದಂತೆ ಕಾಣುತ್ತದೆ, ರ‍್ಯಾಂಕ್ ಪೂರ್ತಿ ಕೆಡುತ್ತದೆ. ಲೆಕ್ಕ ಇಂಡೆಕ್ಸಿನದ್ದು, ಖರೀದಿ ಇಟಿಎಫ್‌ನದ್ದು.

ಪ್ರತಿ ಸೆಕ್ಟರಿಗೆ ಒಂದು ಶೀಟ್. B ಕಾಲಂನಲ್ಲಿ ಸೆಕ್ಟರಿನ ಶುಕ್ರವಾರದ ಕ್ಲೋಸ್, C ಕಾಲಂನಲ್ಲಿ ನಿಫ್ಟಿ 50ರದ್ದು. ಶುಕ್ರವಾರ ರಜೆ ಇದ್ದರೆ ಗುರುವಾರದ್ದು. ಈ ವಾರ 54ನೇ ಸಾಲಿನಲ್ಲಿದೆ ಅಂದುಕೊಳ್ಳಿ. ಬೇಕಾದದ್ದು ಎರಡೇ ಸೂತ್ರ:

```
=(B54/B41)/(C54/C41)-1
=IF(B54>AVERAGE(B15:B54),1,0)
```

ಮೊದಲನೆಯದು 13 ವಾರದಲ್ಲಿ ಸೆಕ್ಟರ್ ನಿಫ್ಟಿಗಿಂತ ಎಷ್ಟು ಮುಂದೆ ಅಥವಾ ಹಿಂದೆ ಎಂದು ಹೇಳುತ್ತದೆ. ಸೆಕ್ಟರ್ 100ರಿಂದ 112, ನಿಫ್ಟಿ 100ರಿಂದ 105 ಆಗಿದ್ದರೆ ಉತ್ತರ ಸುಮಾರು ಶೇ. 6.7. ಎರಡನೆಯದು ಸೆಕ್ಟರ್ ತನ್ನದೇ 40 ವಾರದ ಸರಾಸರಿಗಿಂತ ಮೇಲಿದೆಯಾ ಎಂದು ನೋಡುತ್ತದೆ. ಇದು ಯಾಕೆ ಬೇಕು ಎನ್ನುವುದು ಅಕ್ಟೋಬರ್‌ನಲ್ಲಿ ಚೆನ್ನಾಗಿ ಗೊತ್ತಾಯಿತು, ಅಲ್ಲಿಗೆ ಬರುತ್ತೇನೆ.

ಒಂದು ವಿಷಯ ಯಾರೂ ಹೇಳುವುದಿಲ್ಲ. ನಿಫ್ಟಿಯಿಂದ ಭಾಗಿಸುವುದರಿಂದ ರ‍್ಯಾಂಕ್ ಬದಲಾಗುವುದೇ ಇಲ್ಲ! ಎಂಟೂ ಸೆಕ್ಟರನ್ನು ಅದೇ ಒಂದು ಸಂಖ್ಯೆಯಿಂದ ಭಾಗಿಸುತ್ತೇವೆ, ಹಾಗಾಗಿ ಬರೀ 13 ವಾರದ ಲಾಭದ ಮೇಲೆ ಸಾಲಾಗಿ ನಿಲ್ಲಿಸಿದರೂ ಅದೇ ಸಾಲು. ಭಾಗಿಸುವುದು ಇನ್ನೊಂದು ಕಾರಣಕ್ಕೆ. ಉತ್ತರ ಸೊನ್ನೆಗಿಂತ ಕೆಳಗಿದ್ದರೆ ಆ ಸೆಕ್ಟರಿಗಿಂತ ನಿಫ್ಟಿಯದ್ದೇ ಇಟಿಎಫ್ ಆದ NIFTYBEES ಇಟ್ಟುಕೊಂಡಿದ್ದರೇ ವಾಸಿಯಿತ್ತು ಎಂದು ಕಾಣುತ್ತದೆ.

13 ವಾರವೇ ಯಾಕೆ? 4 ವಾರ ಹಾಕಿ ಹಳೆಯ ಡೇಟಾ ಮೇಲೆ ನೋಡಿದೆ, ರ‍್ಯಾಂಕ್ ಕುಣಿಯುತ್ತದೆ. 26 ವಾರ ಹಾಕಿದರೆ ಸೆಕ್ಟರ್ ಅರ್ಧ ಓಡಿ ಮುಗಿದ ಮೇಲೆ ನಮಗೆ ಸುದ್ದಿ ಬರುತ್ತದೆ. 13 ನಡುವಿನದ್ದು, ಅಷ್ಟೇ. ಅದರಲ್ಲಿ ಮಂತ್ರವೇನೂ ಇಲ್ಲ.

ಇನ್ನು ಕಾಗದಪತ್ರ. ಡಿಮ್ಯಾಟ್ ಖಾತೆ ಮೊದಲೇ ಇತ್ತು. ಆದರೆ ಮಾರುವಾಗಲೆಲ್ಲ ನಮ್ಮ ಷೇರುಗಳನ್ನು ಇಟ್ಟುಕೊಳ್ಳುವ ಸಂಸ್ಥೆ ಸಿಡಿಎಸ್ಎಲ್‌ನ ಟಿ-ಪಿನ್ ಹಾಕಬೇಕು, ಮೇಲಿಂದ ಒಟಿಪಿ. ನಮ್ಮ ಮನೆ ಪೇಟೆಯಿಂದ ಒಳಗೆ. ಮಳೆ ಶುರುವಾಯಿತೆಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ರೂ ಹೋಗುತ್ತದೆ. ಒಟಿಪಿಗಾಗಿ ಅಂಗಳದ ತುದಿಗೆ ಕೊಡೆ ಹಿಡಿದು ನಿಂತದ್ದು ನೋಡಿ ಪಕ್ಕದ ಮನೆಯ ಭಾವ ಕೇಳಿದ, "ಎಂತದಾ ಇದು, ವಾರ ವಾರ ಮಾರೂದು, ತಗಳೂದು? ಚಾಲಿ ಆದ್ರೂ ವರ್ಷ ಇಡ್ತ್ರಲ ಮಾರಾಯ!"

ಈ ತಾಪತ್ರಯಕ್ಕೆ ಪರಿಹಾರ ಡಿಡಿಪಿಐ. ಮಾರಿದ ಷೇರನ್ನು ಖಾತೆಯಿಂದ ತೆಗೆಯಲು ಬ್ರೋಕರಿಗೆ ಕೊಡುವ ಸೀಮಿತ ಅನುಮತಿ ಅದು. ಹಳೆಯ ಪವರ್ ಆಫ್ ಅಟಾರ್ನಿ ಬದಲಿಗೆ ಸೆಬಿ 2022ರಲ್ಲಿ ತಂದದ್ದು. ಇದನ್ನು ಕೊಟ್ಟ ಮೇಲೆ ಟಿ-ಪಿನ್ ಬೇಡ. ಆಧಾರ್ ಮೂಲಕ ಇ-ಸೈನ್ ಮಾಡಬೇಕು. ನನ್ನದು ಮೊದಲು ತಿರಸ್ಕಾರವಾಯಿತು. ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಆಧಾರ್‌ನಲ್ಲಿ ಬರೀ ಇನಿಶಿಯಲ್. ನಮ್ಮ ಕಡೆ ಇದು ಮನೆಮನೆಯ ಕಥೆ ಅಲ್ವಾ. ಆಧಾರ್ ತಿದ್ದಿಸಿ, ಅದು ಬರುವವರೆಗೆ ಕಾದು, ಮತ್ತೆ ಅರ್ಜಿ ಹಾಕಿದೆ. ಶುರು ಮಾಡುವ ಮೊದಲೇ ಇದೊಂದನ್ನು ಮುಗಿಸಿಕೊಳ್ಳಿ. ಹೆಸರು ಎರಡರಲ್ಲೂ ಒಂದೇ ಇದೆಯಾ, ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಇನ್ನೂ ನಡೆಯುತ್ತಿದೆಯಾ ನೋಡಿ.

ಮೊದಲ ವಾರಗಳಲ್ಲಿ ಕೈಯಲ್ಲಿದ್ದದ್ದು ಆಟೋ, ಪಿಎಸ್‌ಯು ಬ್ಯಾಂಕ್, ಸಿಪಿಎಸ್‌ಇ. ತಲಾ 50,000. ಮೊದಲಿನ ನಿಯಮ: ಮೊದಲ ಮೂರರಲ್ಲಿ ಇದ್ದರೆ ಇಟ್ಟುಕೋ, ನಾಲ್ಕಕ್ಕೆ ಇಳಿದರೆ ಮಾರು. ಕಾಗದದ ಮೇಲೆ ಚೆಂದ. ಆದರೆ ಮೂರನೆಯದ್ದು ಶೇ. 6.2, ನಾಲ್ಕನೆಯದ್ದು ಶೇ. 6.0 ಇದ್ದರೆ ಆ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ಮುಂದಿನ ವಾರ ಅದು ತಿರುಗುಮುರುಗಾಗುತ್ತದೆ, ಅದರ ಮುಂದಿನ ವಾರ ಮತ್ತೆ ವಾಪಸ್. ಪ್ರತಿ ಸಲ ಮಾರಿ ಕೊಳ್ಳುತ್ತಾ ಹೋದರೆ ಏನಾಗುತ್ತದೆ ಎಂದು ಕೂತು ಲೆಕ್ಕ ಹಾಕಿದೆ.

50,000 ರೂಪಾಯಿಯ ಒಂದು ಬದಲಾವಣೆ ತೆಗೆದುಕೊಳ್ಳಿ. ಷೇರಿನ ಮೇಲೆ ವ್ಯವಹಾರದ ತೆರಿಗೆಯಾದ ಎಸ್‌ಟಿಟಿ ಎರಡೂ ಕಡೆ ಶೇ. 0.1 ಇದ್ದರೆ, ಷೇರು ಇಟಿಎಫ್ ಮಾರುವಾಗ ಶೇ. 0.001 ಮಾತ್ರ, ಅಂದರೆ 50 ಪೈಸೆ. ಕೊಳ್ಳುವಾಗ ಸ್ಟ್ಯಾಂಪ್ ಡ್ಯೂಟಿ ಶೇ. 0.015, ಏಳೂವರೆ ರೂಪಾಯಿ. ಮಾರುವಾಗ ಡಿಮ್ಯಾಟ್‌ನಿಂದ ಯೂನಿಟ್ ತೆಗೆಯುವುದಕ್ಕೆ ಹಾಕುವ ಡಿಪಿ ಚಾರ್ಜ್ ನನ್ನ ಬ್ರೋಕರಲ್ಲಿ ಹದಿನೈದು ಚಿಲ್ಲರೆ. ಎಕ್ಸ್‌ಚೇಂಜ್ ಚಿಲ್ಲರೆ ಸೇರಿ ಒಟ್ಟು ಮೂವತ್ತರೊಳಗೆ. ಇದು ಬಿಲ್‌ನಲ್ಲಿ ಕಾಣುವ ಖರ್ಚು. ಕಾಣದ್ದು ಬೇರೆ. ಇಟಿಎಫ್‌ನ ನಿಜವಾದ ಮೌಲ್ಯಕ್ಕಿಂತ ಶೇ. 0.2 ಜಾಸ್ತಿ ಕೊಟ್ಟು ಕೊಂಡು, ಶೇ. 0.2 ಕಮ್ಮಿಗೆ ಮಾರಿದರೆ 200 ರೂಪಾಯಿ ಹೋಯಿತು. ಎರಡೂ ಸೇರಿ 230. ವಾರಕ್ಕೊಂದು ಬದಲಾವಣೆ ಅಂದರೆ 52 ವಾರಕ್ಕೆ ಹತ್ತಿರ ಹತ್ತಿರ 12,000. ಒಂದೂವರೆ ಲಕ್ಷಕ್ಕೆ ಅದು ಶೇ. 8! ಟ್ಯಾಕ್ಸ್ ಇನ್ನೂ ಸೇರಿಲ್ಲ.

ಹಾಗಾಗಿ ನಿಯಮ ಸಡಿಲಿಸಿದೆ. ಒಳಗೆ ಬರಬೇಕಾದರೆ ಮೊದಲ ಮೂರರಲ್ಲಿ ಇರಬೇಕು. ಆದರೆ ಹೊರಗೆ ಹೋಗುವುದು ಆರನೇ ಸ್ಥಾನಕ್ಕೆ ಇಳಿದರೆ ಮಾತ್ರ. ನಾಲ್ಕು, ಐದರಲ್ಲಿ ಇದ್ದರೆ ಸುಮ್ನೆ ಬಿಡುವುದು. ರ‍್ಯಾಂಕ್ ಹಾಕುವುದು ವಾರ ವಾರ, ಆದರೆ ವ್ಯವಹಾರ ಮಾಡುವುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ನನ್ನ ಮಟ್ಟಿಗೆ ಇಡೀ ಪದ್ಧತಿಯಲ್ಲಿ ದುಡ್ಡು ಉಳಿಸಿದ ನಿಯಮ ಇದೊಂದೇ.

ಇದಕ್ಕೆ ಪರೀಕ್ಷೆ ಜೂನ್ ಮೊದಲ ವಾರವೇ ಬಂತು. ಜೂನ್ 3ರ ಸೋಮವಾರ ಎಕ್ಸಿಟ್ ಪೋಲ್ ನೋಡಿ ಮಾರುಕಟ್ಟೆ ಹಾರಿತು. ಸರ್ಕಾರಿ ಕಂಪನಿ, ಸರ್ಕಾರಿ ಬ್ಯಾಂಕ್ ಎಲ್ಲಕ್ಕಿಂತ ಮುಂದೆ. ನನ್ನ ಹತ್ತಿರ ಎರಡೂ ಇದ್ದವು. ಮರುದಿನ ಲೋಕಸಭೆ ಫಲಿತಾಂಶ. ನಿಫ್ಟಿ ಶೇ. 5.9 ಬಿತ್ತು, ಪಿಎಸ್‌ಯು ಬ್ಯಾಂಕ್ ಇಂಡೆಕ್ಸ್ ಸುಮಾರು ಶೇ. 15. ಮಧ್ಯಾಹ್ನ ಊಟಕ್ಕೆ ಕೂತವನಿಗೆ ಅನ್ನ ಇಳಿಯಲಿಲ್ಲ. ಎರಡನ್ನೂ ಮಾರಿಬಿಡೋಣ ಅಂತ ಆರ್ಡರ್ ಪುಟ ತೆಗೆದಿದ್ದೆ, ಮಾರಲಿಲ್ಲ. ಕಾರಣ ಧೈರ್ಯ ಅಲ್ಲ, ಮಂಗಳವಾರ ನೋಡುವ ನಿಯಮವೇ ನನ್ನಲ್ಲಿ ಇರಲಿಲ್ಲ.

ಶುಕ್ರವಾರ, ಜೂನ್ 7ಕ್ಕೆ ನಿಫ್ಟಿ 23,290ಕ್ಕೆ ಮುಗಿಯಿತು. ಹಿಂದಿನ ಶುಕ್ರವಾರ ಇದ್ದದ್ದು 22,530. ನನ್ನ ಶೀಟಿನಲ್ಲಿ ಆ ವಾರ ನಿಫ್ಟಿ ಶೇ. 3.4 ಏರಿದೆ ಅಂತಷ್ಟೇ ಇದೆ, ಮಂಗಳವಾರ ಅಂತ ಒಂದು ದಿನವೇ ಅಲ್ಲಿಲ್ಲ. ಪಿಎಸ್‌ಯು ಬ್ಯಾಂಕ್ ಕೆಳಗೆ ಸರಿಯಿತು, ಆದರೆ ಆರಕ್ಕೆ ಮುಟ್ಟಲಿಲ್ಲ. ಹಳೆಯ ನಿಯಮ ಇದ್ದಿದ್ದರೆ ಮಾರಬೇಕಾಗುತ್ತಿತ್ತು. ಅದೇ ವಾರ ಐಟಿ ಜೋರಾಗಿ ಎದ್ದಿತು. ಪೇಪರ್, ಟಿವಿ ಎಲ್ಲ ಕಡೆ ಐಟಿಯದ್ದೇ ಮಾತು. ನನ್ನ ಲೆಕ್ಕದಲ್ಲಿ ಮಾತ್ರ ಅದು ಇನ್ನೂ ತಳದಲ್ಲೇ ಇತ್ತು, ಯಾಕೆಂದರೆ 13 ವಾರದ ಹಿಂದೆ ಅದು ಅದಕ್ಕಿಂತ ಮೇಲಿತ್ತು. ಐಟಿ ನನ್ನ ಮೊದಲ ಮೂರಕ್ಕೆ ಬಂದದ್ದು ಜುಲೈ ಕಳೆಯುವ ಹೊತ್ತಿಗೆ. ಅಷ್ಟರಲ್ಲಿ ಒಳ್ಳೆಯ ಪಾಲು ಓಡಿ ಆಗಿತ್ತು. ಈ ಪದ್ಧತಿಯಲ್ಲಿ ತಳದಲ್ಲಿ ಕೊಳ್ಳುವ ಯೋಗ ಇಲ್ಲ, ತುದಿಯಲ್ಲಿ ಮಾರುವ ಯೋಗವೂ ಇಲ್ಲ. ಅದನ್ನು ಸಹಿಸಲಾರದವರು ಇದಕ್ಕೆ ಬರಬೇಡಿ.

ಜುಲೈ, ಆಗಸ್ಟ್‌ನಲ್ಲಿ ಪಿಎಸ್‌ಯು ಬ್ಯಾಂಕ್ ಹೋಗಿ ಐಟಿ ಬಂತು, ಸ್ವಲ್ಪ ದಿನಕ್ಕೆ ಸಿಪಿಎಸ್‌ಇ ಹೋಗಿ ಫಾರ್ಮಾ ಬಂತು. ಫಾರ್ಮಾ ಕೊಳ್ಳುವಾಗ ಇಟಿಎಫ್‌ನ ಇನ್ನೊಂದು ಮುಖ ಕಂಡಿತು. ಸೋಮವಾರ 9.15ಕ್ಕೆ ಮಾರುಕಟ್ಟೆ ತೆರೆದ ಕೂಡಲೇ ಪರದೆ ನೋಡಿದೆ. ದುಂಡು ಅಂಕಿಯಲ್ಲಿ ಹೇಳುವುದಾದರೆ ಯೂನಿಟ್ಟಿನ ಮೌಲ್ಯ 20 ರೂಪಾಯಿ, ಮಾರುವವರು ಕೇಳುತ್ತಿದ್ದದ್ದು 20.30. ಮೂವತ್ತು ಪೈಸೆ ಅಂದರೆ ಶೇ. 1.5. ನನ್ನ 50,000ಕ್ಕೆ 750 ರೂಪಾಯಿ ಅಲ್ಲೇ ಹೋಗುತ್ತಿತ್ತು. ಹತ್ತೂವರೆಗೆ ನೋಡಿದರೆ ಅದೇ ಇಟಿಎಫ್ 20.03ಕ್ಕೆ ಇತ್ತು. ಇಟಿಎಫ್ ಒಳಗಿನ ಷೇರುಗಳ ಬೆಲೆ ಬೆಳಿಗ್ಗೆ ಇನ್ನೂ ನಿಂತಿರುವುದಿಲ್ಲ. ಹಾಗಾಗಿ ಕೊಳ್ಳುವ, ಮಾರುವ ಎರಡೂ ಬೆಲೆ ಹೇಳುತ್ತಾ ಕೂರುವ ಮಾರ್ಕೆಟ್ ಮೇಕರ್‌ಗಳು ಅಂತರ ಅಗಲ ಇಟ್ಟು ಕೂರುತ್ತಾರೆ.

ಇದನ್ನು ನೋಡುವುದು ಹೀಗೆ. ದಿನವಿಡೀ ಬದಲಾಗುವ ಅಂದಾಜು ಮೌಲ್ಯಕ್ಕೆ ಐ-ಎನ್‌ಎವಿ ಅನ್ನುತ್ತಾರೆ. ಫಂಡ್ ಕಂಪನಿಯ ಸೈಟಿನಲ್ಲಿ ಸಿಗುತ್ತದೆ. ಆರ್ಡರ್ ಹಾಕುವ ಮೊದಲು ಅದನ್ನು ಪಕ್ಕಕ್ಕೆ ಇಟ್ಟುಕೊಳ್ಳಿ. ಅಂತರ ಶೇ. 0.3 ದಾಟಿದರೆ ಕಾಯಿರಿ, ಬೇಕಾದರೆ ಮಂಗಳವಾರಕ್ಕೆ ಬಿಡಿ. 13 ವಾರದ ಲೆಕ್ಕಕ್ಕೆ ಒಂದು ದಿನ ಲೆಕ್ಕಕ್ಕಿಲ್ಲ. ಬೆಲೆ ನಾವೇ ಹೇಳುವ ಲಿಮಿಟ್ ಆರ್ಡರ್ ಮಾತ್ರ, ಸಿಕ್ಕ ಬೆಲೆಗೆ ಹೋಗುವ ಮಾರ್ಕೆಟ್ ಆರ್ಡರ್ ಯಾವತ್ತೂ ಬೇಡ.

ಆಮೇಲೆ ಅಕ್ಟೋಬರ್. ಸೆಪ್ಟೆಂಬರ್ 27ರಂದು ನಿಫ್ಟಿ 26,277 ಮುಟ್ಟಿ ತಿರುಗಿತು. ಫೆಬ್ರವರಿವರೆಗೆ ಐದು ತಿಂಗಳು ಸತತ ಇಳಿಕೆ, 1996ರ ನಂತರ ಹಾಗಾಗಿರಲಿಲ್ಲ. ರಿಲೇಟಿವ್ ಸ್ಟ್ರೆಂತ್‌ನ ದೊಡ್ಡ ಕುರುಡು ಇಲ್ಲೇ ಇರುವುದು. ನಿಫ್ಟಿ 100ರಿಂದ 90ಕ್ಕೆ ಬಿದ್ದು, ಸೆಕ್ಟರ್ 100ರಿಂದ 95ಕ್ಕೆ ಬಿದ್ದರೆ ಸೂತ್ರ ಶೇ. 5.6 ಅಂತ ತೋರಿಸುತ್ತದೆ. ಪಟ್ಟಿಯಲ್ಲಿ ಮೊದಲನೇ ಸ್ಥಾನ. ಕೈಯಲ್ಲಿ ಮಾತ್ರ ನಷ್ಟ. ಎಂಟರಲ್ಲಿ ಯಾರಾದರೂ ಒಬ್ಬರು ಮೊದಲು ಇದ್ದೇ ಇರುತ್ತಾರೆ, ಎಲ್ಲರೂ ಮುಳುಗುತ್ತಿದ್ದರೂ.

ಅದಕ್ಕೇ ಆ ಎರಡನೇ ಸೂತ್ರ. ರ‍್ಯಾಂಕ್ ಎಷ್ಟೇ ಇರಲಿ, ಸೆಕ್ಟರ್ ತನ್ನ 40 ವಾರದ ಸರಾಸರಿಗಿಂತ ಕೆಳಗೆ ಮುಗಿಸಿದರೆ ಆ ಪಾಲು ಷೇರಿನ ಏರಿಳಿತವಿಲ್ಲದೆ ಬಡ್ಡಿಯಂಥ ಆದಾಯ ಕೊಡುವ ಲಿಕ್ವಿಡ್ ಇಟಿಎಫ್‌ಗೆ. ಮೊದಲು ಆಟೋ ಹೋಯಿತು. ಐಟಿ, ಫಾರ್ಮಾ ಡಿಸೆಂಬರ್ ದಾಟುವವರೆಗೆ ತಡೆದುಕೊಂಡವು, ಹೊಸ ವರ್ಷದಲ್ಲಿ ಅವೂ ಹೋದವು. ಫೆಬ್ರವರಿ ಮುಗಿಯುವ ಹೊತ್ತಿಗೆ ಮೂರೂ ಪಾಲು LIQUIDBEES ಎಂಬ ಲಿಕ್ವಿಡ್ ಇಟಿಎಫ್‌ನಲ್ಲಿ ಕೂತಿತ್ತು. ಅಲ್ಲೂ ಒಂದು ಸಣ್ಣ ಕಿರಿಕಿರಿ ಇದೆ. ಅದರ ಯೂನಿಟ್ ಬೆಲೆ 1,000ದ ಆಸುಪಾಸು ನಿಂತೇ ಇರುತ್ತದೆ, ಬಡ್ಡಿಯಂಥದ್ದು ದಿನಾ ಯೂನಿಟ್ಟಿನ ಚೂರುಗಳಾಗಿ ಬರುತ್ತದೆ. ಒಂದು ಪೂರ್ತಿ ಯೂನಿಟ್ ಆಗುವವರೆಗೆ ಆ ಚೂರನ್ನು ಎಕ್ಸ್‌ಚೇಂಜಿನಲ್ಲಿ ಮಾರಲಾಗುವುದಿಲ್ಲ. ಎಲ್ಲ ಮಾರಿದೆ ಅಂದುಕೊಂಡ ಮೇಲೂ ಖಾತೆಯಲ್ಲಿ 0.4 ಯೂನಿಟ್ ಅಂತ ತೋರಿಸುತ್ತಿರುತ್ತದೆ. ಇದು ಬೇಡವೆಂದರೆ ಗ್ರೋತ್ ಮಾದರಿಯ ಲಿಕ್ವಿಡ್ ಇಟಿಎಫ್‌ಗಳಿವೆ.

ಈ ಫಿಲ್ಟರ್‌ಗೂ ಬೆಲೆ ಇದೆ. ಮಾರ್ಚ್‌ನಲ್ಲಿ ಮಾರುಕಟ್ಟೆ ಮೇಲೆದ್ದಾಗ ನಾನು ಲಿಕ್ವಿಡ್‌ನಲ್ಲೇ ಇದ್ದೆ. ಬ್ಯಾಂಕ್ ಸರಾಸರಿ ದಾಟಿ ನಾನು ಒಳಗೆ ಹೋಗುವಷ್ಟರಲ್ಲಿ ಮೊದಲ ಏರಿಕೆ ಮುಗಿದಿತ್ತು. ಆ ಹಣಕಾಸು ವರ್ಷದಲ್ಲಿ ನಿಫ್ಟಿ ಏರಿದ್ದು ಸುಮಾರು ಶೇ. 5.3. ನನ್ನದು ಅದಕ್ಕಿಂತ ಸ್ವಲ್ಪ ಜಾಸ್ತಿ, ಟ್ಯಾಕ್ಸ್ ಕಳೆದರೆ ಹೆಚ್ಚುಕಮ್ಮಿ ಅಷ್ಟೇ. ಇಳಿಕೆಯಲ್ಲಿ ಪೆಟ್ಟು ಕಮ್ಮಿ ಬಿತ್ತು, ಅದು ನಿಜ. ಒಂದು ವರ್ಷ ನೋಡಿ ಈ ಪದ್ಧತಿ ಗೆಲ್ಲುತ್ತದೆ ಅಂತಲೂ ಹೇಳಲಾಗುವುದಿಲ್ಲ, ಸೋಲುತ್ತದೆ ಅಂತಲೂ ಇಲ್ಲ.

ಟ್ಯಾಕ್ಸ್ ಭಾಗ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಉದ್ದವಾಯಿತು. ವರ್ಷದೊಳಗೆ ಮಾರಿದ್ದಕ್ಕೆಲ್ಲ ಅಲ್ಪಾವಧಿ ಲಾಭದ ತೆರಿಗೆ. ಅದು ಶೇ. 15 ಇದ್ದದ್ದು 2024ರ ಜುಲೈ 23ರ ಬಜೆಟ್‌ನಲ್ಲಿ ಅದೇ ದಿನದಿಂದ ಶೇ. 20 ಆಯಿತು. ಅಂದರೆ ನನ್ನ ವರ್ಷ ಎರಡು ತುಂಡು. ಆ ದಿನಕ್ಕಿಂತ ಮೊದಲು ಮಾರಿದ್ದು ಬೇರೆ, ಆಮೇಲಿನದ್ದು ಬೇರೆ. ಜೊತೆಗೆ ಲಾಭ ಯಾವ ತಿಂಗಳುಗಳಲ್ಲಿ ಬಂತು ಎಂಬ ಭಾಗವನ್ನೂ ತುಂಬಬೇಕು, ಮುಂಗಡ ತೆರಿಗೆಯ ಬಡ್ಡಿ ಲೆಕ್ಕಕ್ಕೆ. ಅಡಿಕೆ ಆದಾಯ 5,000 ದಾಟಿದ ನಮ್ಮಂಥವರಿಗೆ ಐಟಿಆರ್-1 ಹೇಗೂ ಆಗುವುದಿಲ್ಲ. ಅಲ್ಪಾವಧಿ ಲಾಭ ಇದ್ದರೂ ಆಗುವುದಿಲ್ಲ. ಐಟಿಆರ್-2 ಬೇಕು, ಆ ಫಾರಂ ಆ ಸಲ ಪೋರ್ಟಲ್‌ಗೆ ಬಂದದ್ದೇ 2025ರ ಜುಲೈನಲ್ಲಿ. ಕೊನೆಯ ದಿನವನ್ನು ಸೆಪ್ಟೆಂಬರ್‌ಗೆ ಮುಂದೂಡಿದ್ದಕ್ಕೆ ಬಚಾವಾದೆ. ನಮ್ಮ ಆಡಿಟರ್ ವ್ಯವಹಾರದ ಪಟ್ಟಿ ನೋಡಿ, "ಲಾಭಕ್ಕಿಂತ ಸಾಲುಗಳೇ ಜಾಸ್ತಿ ಇವೆಯಲ್ಲ ಹೆಗಡೇರೆ" ಅಂದರು. ಫೀಸನ್ನೂ ಅದಕ್ಕೆ ತಕ್ಕ ಹಾಗೆ ಏರಿಸಿದರು.

ಬ್ರೋಕರ್ ಕೊಡುವ ಟ್ಯಾಕ್ಸ್ ಸ್ಟೇಟ್‌ಮೆಂಟನ್ನು ಏಪ್ರಿಲ್‌ನಲ್ಲೇ ಇಳಿಸಿಕೊಳ್ಳಿ. 2024-25ರದ್ದಾದರೆ ಜುಲೈ 23ರ ಹಿಂದೆ ಮುಂದೆ ಎರಡು ಮೊತ್ತ ಬೇರೆ ಇದೆಯಾ ನೋಡಬೇಕಿತ್ತು. ನನ್ನದರಲ್ಲಿ ಇರಲಿಲ್ಲ, ಕೈಯಲ್ಲೇ ಬೇರೆ ಮಾಡಬೇಕಾಯಿತು. 2025-26ರ ಲೆಕ್ಕಕ್ಕೆ ಈ ತುಂಡು ಇಲ್ಲ, ಎಲ್ಲ ಶೇ. 20. LIQUIDBEESನಿಂದ ಬಂದದ್ದು ಲಾಭದ ಲೆಕ್ಕಕ್ಕಲ್ಲ, ಡಿವಿಡೆಂಡ್ ಆಗಿ ಇತರ ಆದಾಯಕ್ಕೆ ಹೋಗುತ್ತದೆ. ಇನ್ನು ಮಾರಿದ್ದರಲ್ಲಿ ನಷ್ಟ ಇದ್ದರೆ ಅದನ್ನು ಬೇರೆ ಬಂಡವಾಳ ಲಾಭದಿಂದ ಕಳೆಯಬಹುದು, ಉಳಿದದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಆದರೆ ರಿಟರ್ನ್ ಕೊನೆಯ ದಿನದೊಳಗೆ ಹೋಗಿರಬೇಕು, ಮತ್ತೆ 30 ದಿನದೊಳಗೆ ಇ-ವೆರಿಫೈ ಆಗಬೇಕು. ನಾನು ಅದಕ್ಕೂ ಬಳಸಿದ್ದು ಆಧಾರ್ ಒಟಿಪಿಯನ್ನೇ. ಮಳೆ ಬಿಟ್ಟ ದಿನ ನೋಡಿ ಮಾಡಿ.